ದನ ಅಡ್ಡ ಬಂತು, ಕಾರು ಗುದ್ದಿತು: ಮಾಲೀಕ ಯಾರು?

(ದೃಶ್ಯ: ಕತ್ತಲ ಹೆದ್ದಾರಿ, ಹೆಡ್‌ಲೈಟ್ ಬೆಳಕು, ದೂರದಲ್ಲಿ ಕಪ್ಪಗೆ ಏನೋ ಮಲಗಿದೆ)

ರಾತ್ರಿ ಹತ್ತೂವರೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೋಗ್ತಿದ್ದೀರಿ ಅಂದುಕೊಳ್ಳಿ. ಸ್ಪೀಡ್ 80. ರಸ್ತೆ ಮೇಲೆ ಕರಿ ಹಸು ಮಲಗಿದೆ. ಮುಖ ಆ ಕಡೆ, ಹಾಗಾಗಿ ಕಣ್ಣೂ ಹೊಳೆಯೋದಿಲ್ಲ.

80ರ ಸ್ಪೀಡಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಂಡು, ಬ್ರೇಕ್ ಮೇಲೆ ಕಾಲಿಡುವಷ್ಟರಲ್ಲೇ ಸುಮಾರು 33 ಮೀಟರ್ ಹೋಗಿರುತ್ತದೆ. ಆಮೇಲೆ ನಿಲ್ಲೋಕೆ ಇನ್ನೂ 35 ಮೀಟರ್ ಬೇಕು. ಡಿಮ್ ಲೈಟಿನಲ್ಲಿ ಕರಿ ದನ ಅಷ್ಟು ದೂರದಿಂದ ಕಾಣೋದೇ ಇಲ್ಲ. ಅಂದರೆ ನೀವು ಗುದ್ದೇ ಗುದ್ದುತ್ತೀರಿ.

ನಮಸ್ಕಾರ. ಬಿಡಾಡಿ ದನಕ್ಕೆ ಗುದ್ದಿದರೆ ಮುಂದೇನು ಅನ್ನೋದು ಇವತ್ತಿನ ವಿಷಯ. ಇಡೀ ಕಥೆ ಒಂದೇ ಪ್ರಶ್ನೆ ಮೇಲೆ ನಿಂತಿದೆ: ಈ ದನ ಯಾರದ್ದು?

(ದೃಶ್ಯ: ಹಜಾರ್ಡ್ ಲೈಟ್ ಮಿನುಗುತ್ತಿರುವ ಕಾರು)

ಮೊದಲು ಮಾಡಬೇಕಾದ್ದು ದನ ನೋಡೋದಲ್ಲ, ಹಿಂದೆ ಬರೋ ಗಾಡಿಗಳನ್ನು ನೋಡೋದು. ಕತ್ತಲಲ್ಲಿ ಬಿದ್ದಿರೋ ದನಕ್ಕೆ ಎರಡನೇ ಗಾಡಿ ಗುದ್ದೋದು ತೀರಾ ಸುಲಭ. ಅದು ಬೈಕ್ ಆದರೆ ಜೀವವೇ ಹೋಗುತ್ತದೆ. ಹಜಾರ್ಡ್ ಲೈಟ್ ಹಾಕಿ. ಕಾರು ಅಲ್ಲಾಡುವಂತಿದ್ದರೆ ರಸ್ತೆ ಪಕ್ಕಕ್ಕೆ ತನ್ನಿ. ಡಿಕ್ಕಿಯಲ್ಲಿರೋ ಕೆಂಪು ತ್ರಿಕೋನವನ್ನು ಸುಮಾರು 50 ಮೀಟರ್ ಹಿಂದೆ ಇಡಿ. ಜೊತೆಗಿದ್ದವರನ್ನು ತಡೆಗೋಡೆಯ ಆಚೆ ಕಳಿಸಿ.

ಆಮೇಲೆ ಫೋನ್. ಯಾರಿಗಾದರೂ ಗಾಯವಾಗಿದ್ದರೆ 112. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033. ಪಕ್ಕದ ಕಿಲೋಮೀಟರ್ ಕಲ್ಲಿನ ಮೇಲಿರೋ ನಂಬರ್ ಹೇಳಿ, "ಹಿರಿಯೂರು ಹತ್ರ" ಅಂದರೆ ಅವರು ಹುಡುಕುತ್ತಾ ಕೂರಬೇಕಾಗುತ್ತದೆ. ದನಕ್ಕೆ ಜೀವ ಇದ್ದರೆ 1962, ಇದು ಪಶು ಆಂಬುಲೆನ್ಸಿನ ನಂಬರ್. ನೀವಾಗಿ ಹಗ್ಗ ಕಟ್ಟಿ ಎಳೆಯಬೇಡಿ. ಬಾಯಿಗೆ ನೀರು ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗಬಹುದು. ನೋವಲ್ಲಿರೋ ದನ ಒದೆಯುತ್ತದೆ, ಹಾಯುತ್ತದೆ.

(ದೃಶ್ಯ: ದನದ ಕಿವಿಯ ಹಳದಿ ಟ್ಯಾಗ್, ಹತ್ತಿರದಿಂದ)

ಈಗ ಬಹಳ ಜನ ಮರೆಯೋ ಕೆಲಸ. ಸುರಕ್ಷಿತವಾಗಿ ಹತ್ತಿರ ಹೋಗೋಕೆ ಆದರೆ ದನದ ಕಿವಿ ನೋಡಿ. ಹಳದಿ ಟ್ಯಾಗ್ ಇದ್ದರೆ ಅದರ ಮೇಲೆ 12 ಅಂಕಿಗಳಿರುತ್ತವೆ. ಪಶು ಇಲಾಖೆಯವರು ಲಸಿಕೆ ಹಾಕುವಾಗಲೋ, ವಿಮೆ ಮಾಡಿಸುವಾಗಲೋ ಹಾಕಿದ್ದು. ಆ ನಂಬರಿನ ಜೊತೆ ಮಾಲೀಕರ ಹೆಸರು, ಊರು ಇಲಾಖೆಯ ಕಂಪ್ಯೂಟರಿನಲ್ಲಿ ಇರುತ್ತದೆ. ಅಂಕಿ ಓದೋ ಹಾಗೆ ಫೋಟೋ ತೆಗೆಯಿರಿ. ಟ್ಯಾಗ್ ಇಲ್ಲ, ಆದರೆ ಕಿವಿಯಲ್ಲಿ ತೂತೋ ಹರಿದ ಗುರುತೋ ಇದ್ದರೆ ಅದರ ಫೋಟೋನೂ ಬೇಕು. ಟ್ಯಾಗ್ ಕಿತ್ತು ಬೀದಿಗೆ ಬಿಡೋರೂ ಇದ್ದಾರೆ. ಕೊರಳ ಹಗ್ಗ, ಗಂಟೆ, ಕೊಂಬಿನ ಬಣ್ಣ ಎಲ್ಲವೂ "ಇದನ್ನು ಯಾರೋ ಸಾಕಿದ್ದಾರೆ" ಅನ್ನೋದಕ್ಕೆ ಸಾಕ್ಷಿ.

ಇನ್ನು ತಮಾಷೆ ಅಂದರೆ, ಅಪಘಾತಕ್ಕೆ ಮುಂಚೆ ದನಕ್ಕೆ ಯಾರೂ ಇರೋದಿಲ್ಲ. ಆದ ಹತ್ತೇ ನಿಮಿಷಕ್ಕೆ ಮಾಲೀಕ ಪ್ರತ್ಯಕ್ಷ. "ದಿನಕ್ಕೆ ಹತ್ತು ಲೀಟರ್ ಕೊಡ್ತಿತ್ತು ಸಾರ್, 60 ಸಾವಿರ ಕೊಡಿ."

ಸಿಟ್ಟಾಗಬೇಡಿ. ಅವರು "ದನ ನಂದು" ಅಂದಿದ್ದೇ ನಿಮಗೆ ಒಳ್ಳೆಯದು. ರಾತ್ರಿ ಹೆದ್ದಾರಿಗೆ ದನ ಬಿಟ್ಟವರು ಅವರೇ ಅಂತ ಒಪ್ಪಿದ ಹಾಗಾಯಿತಲ್ವಾ? ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ, ತನ್ನ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯ ಆಗದಂತೆ ನೋಡಿಕೊಳ್ಳದೆ ನಿರ್ಲಕ್ಷ್ಯ ಮಾಡಿದವರಿಗೆ 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ನಿಮ್ಮ ನಷ್ಟಕ್ಕೆ ಸಿವಿಲ್ ದಾವೆ ಬೇರೆ. ಹಾಗಂತ ತಪ್ಪು ಪೂರ್ತಿ ಅವರದೇ ಅಂತ ಅಲ್ಲ. ನೀವು 120ರಲ್ಲಿ ಹೋಗ್ತಿದ್ದರೆ ಕೋರ್ಟು ನಿಮ್ಮ ಪಾಲನ್ನೂ ಲೆಕ್ಕ ಹಾಕುತ್ತದೆ.

ಸ್ಥಳದಲ್ಲೇ ದುಡ್ಡು ಕೊಡಬೇಡಿ. ದನ ಅವರ ಆಸ್ತಿ. ತಪ್ಪು ನಿಮ್ಮದು ಅಂತಾದರೆ ನಿಮ್ಮ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಟ್ಟಿಕೊಡುತ್ತದೆ. ಕಂಪನಿಯ ಒಪ್ಪಿಗೆ ಇಲ್ಲದೆ ನೀವೇ ರಾಜಿ ಮಾಡಿಕೊಂಡರೆ ಆ ದುಡ್ಡು ವಾಪಸ್ ಬರೋದು ಕಷ್ಟ.

ಜನ ಸೇರಿ ಗಲಾಟೆ ಆಗುವಂತಿದ್ದರೆ? ನಿಲ್ಲೋದು ಡ್ರೈವರ್ ಕರ್ತವ್ಯ ನಿಜ. ಆದರೆ ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ನೇ ಗುಂಪಿನ ರೋಷಕ್ಕೆ ವಿನಾಯಿತಿ ಕೊಟ್ಟಿದೆ. ಸೀದಾ ಹತ್ತಿರದ ಸ್ಟೇಷನ್ನಿಗೆ ಹೋಗಿ ವಿಷಯ ತಿಳಿಸಿ. ಗಲಾಟೆ ಇಲ್ಲದಿದ್ದರೂ 24 ಗಂಟೆಯೊಳಗೆ ಪೊಲೀಸರಿಗೆ ಹೇಳಿಬಿಡಿ, ಹಿಂಬರಹವೋ ಸ್ವೀಕೃತಿ ಪತ್ರವೋ ಕೇಳಿ ತೆಗೆದುಕೊಳ್ಳಿ.

(ದೃಶ್ಯ: ಬಾನೆಟ್ ಕೆಳಗೆ ಹಸಿರು ನೀರು ತೊಟ್ಟಿಕ್ಕುತ್ತಿದೆ)

ಈಗ ಕಾರಿನ ಕಡೆ ಬನ್ನಿ. ಮೈಯೆತ್ತರದ ದನಕ್ಕೆ ಗುದ್ದಿದರೆ ಬಂಪರ್ ಒಳಗೆ ಹೋಗಿ ರೇಡಿಯೇಟರ್ ಹಿಂದಕ್ಕೆ ಜರುಗಿರುತ್ತದೆ. ಹೊರಗಿಂದ ನೋಡಿದರೆ ಹೆಡ್‌ಲೈಟ್ ಮಾತ್ರ ಒಡೆದಂತಿರುತ್ತದೆ. ಕೆಳಗೆ ಬಗ್ಗಿ ನೋಡಿ. ಹಸಿರೋ ಕೆಂಪೋ ನೀರು ತೊಟ್ಟಿಕ್ಕುತ್ತಿದ್ದರೆ ಎಂಜಿನ್ ಆನ್ ಮಾಡಲೇಬೇಡಿ. "ಚಿತ್ರದುರ್ಗದವರೆಗೆ ನಿಧಾನಕ್ಕೆ ಓಡಿಸಿಬಿಡೋಣ" ಅಂತ ಹೊರಟರೆ ಎಂಜಿನ್ ಕಾದು ಸೀಜ್ ಆಗುತ್ತದೆ. ಬಂಪರ್, ರೇಡಿಯೇಟರಿಗೆ ಕ್ಲೇಮ್ ಸಿಗುತ್ತದೆ. ಎಂಜಿನ್ ಹಾಳಾಗಿದ್ದು ಅಪಘಾತದಿಂದಲ್ಲ, ಆಮೇಲೆ ಓಡಿಸಿದ್ದರಿಂದ ಅಂತ ಕಂಪನಿ ಕೈ ಎತ್ತುತ್ತದೆ. ಟೋಯಿಂಗ್ ಕರೆಸಿ. ಇದೆಲ್ಲ ಕಾಂಪ್ರಿಹೆನ್ಸಿವ್ ಪಾಲಿಸಿ ಇದ್ದರೆ ಮಾತ್ರ. ಬರೀ ಥರ್ಡ್ ಪಾರ್ಟಿ ಇದ್ದರೆ ನಿಮ್ಮ ಕಾರಿಗೆ ಒಂದು ಪೈಸೆಯೂ ಬರೋದಿಲ್ಲ.

ನಿಜವಾದ ಕಷ್ಟ ಬೈಕಿನವರದ್ದು. ಬೈಕಿಗೆ ಲಾರಿ ಗುದ್ದಿದರೆ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು, ಲಾರಿಯ ಇನ್ಶೂರೆನ್ಸ್ ಕೊಡುತ್ತದೆ. ದನ ಮೋಟಾರು ವಾಹನ ಅಲ್ಲ, ಅದರ ವಿರುದ್ಧ ಅಲ್ಲಿ ಕೇಸು ಹಾಕಲಾಗೋದಿಲ್ಲ. ತನ್ನದೇ ಬೈಕಿನ ಥರ್ಡ್ ಪಾರ್ಟಿ ಇನ್ಶೂರೆನ್ಸೂ ಓಡಿಸಿದ ಮಾಲೀಕನಿಗೆ ಬರೋದಿಲ್ಲ. ಉಳಿಯೋದು 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್. ಅದೂ ಸಾವಿಗೆ ಮತ್ತು ಶಾಶ್ವತ ಅಂಗವೈಕಲ್ಯಕ್ಕೆ, ಆಸ್ಪತ್ರೆ ಬಿಲ್ಲಿಗಲ್ಲ. ಪಾಲಿಸಿ ತೆಗೆದು ಅದು ಇದೆಯಾ ಅಂತ ಈಗಲೇ ನೋಡಿ. ಹಣ ಉಳಿಸೋಕೆ ಬಿಟ್ಟವರು ಜಾಸ್ತಿ.

ದನ ಯಾರದ್ದು ಅಂತ ಗೊತ್ತೇ ಆಗಲಿಲ್ಲ ಅಂದರೆ? ಆಗ ಪ್ರಶ್ನೆ ರಸ್ತೆ ನೋಡಿಕೊಳ್ಳೋರ ಕಡೆ ತಿರುಗುತ್ತದೆ. 2023ರ ನವೆಂಬರಿನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್, ಬಿಡಾಡಿ ಪ್ರಾಣಿಗಳಿಂದಾದ ಅಪಘಾತಕ್ಕೆ ಸರ್ಕಾರವೇ ಮೊದಲು ಪರಿಹಾರ ಕೊಡಬೇಕು, ಆಮೇಲೆ ಹೊಣೆಗಾರರಿಂದ ವಸೂಲಿ ಮಾಡಿಕೊಳ್ಳಲಿ ಎಂದಿತು. ಅದು ಆ ಹೈಕೋರ್ಟಿನ ವ್ಯಾಪ್ತಿಗೆ ಮಾತ್ರ. ನಮ್ಮಲ್ಲಿ ಹೈಕೋರ್ಟಿಗೆ ರಿಟ್ ಹಾಕಬಹುದು, ಆದರೆ ಅಧಿಕಾರಿಗಳ ನಿರ್ಲಕ್ಷ್ಯವನ್ನು ನೀವೇ ತೋರಿಸಬೇಕು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ದೇಶದ ಎಲ್ಲ ಹೆದ್ದಾರಿಗಳಿಂದ ಬಿಡಾಡಿ ದನ ತೆಗೆಯಬೇಕು, ಅದಕ್ಕೆ ಗಸ್ತು ತಂಡ ಇರಬೇಕು ಅಂತ ಆದೇಶ ಮಾಡಿದೆ. ಇಂಥ ಕೇಸಿಗೆ ಅದೊಂದು ಒಳ್ಳೆಯ ಆಧಾರ.

ಅದಕ್ಕೇ ದನ ಕಂಡ ದಿನವೇ, ಗುದ್ದೋಕೆ ಮುಂಚೆಯೇ, 1033ಕ್ಕೆ ಫೋನ್ ಮಾಡಿ ಕಿಲೋಮೀಟರ್ ನಂಬರ್ ಹೇಳಿ. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಾಳೆ ಅದೇ ಕಲ್ಲಿನ ಹತ್ತಿರ ಯಾರಾದರೂ ಬಿದ್ದರೆ, "ನಮಗೆ ಗೊತ್ತೇ ಇರಲಿಲ್ಲ" ಅನ್ನೋ ಉತ್ತರಕ್ಕೆ ಆ ಕರೆಯೇ ಜವಾಬು.