ಎಡಿಸನ್ ಕಿವಿಗೆ ಏನಾಗಿತ್ತು?

ಎಲ್ಲರಿಗೂ ನಮಸ್ಕಾರ.

ಥಾಮಸ್ ಎಡಿಸನ್ ಮತ್ತು ಅವನ ಅಮ್ಮನ ಪತ್ರದ ಕಥೆ ನಿಮ್ಮ ವಾಟ್ಸಾಪ್‌ಗೂ ಬಂದೇ ಇರುತ್ತದೆ. ಹುಡುಗ ಶಾಲೆಯಿಂದ ಒಂದು ಚೀಟಿ ತರುತ್ತಾನೆ. ಅಮ್ಮ ಕಣ್ಣೀರು ಹಾಕುತ್ತಾ ಜೋರಾಗಿ ಓದುತ್ತಾಳೆ, ನಿಮ್ಮ ಮಗ ಮಹಾ ಬುದ್ಧಿವಂತ, ಅವನಿಗೆ ಕಲಿಸುವ ಯೋಗ್ಯತೆ ನಮಗಿಲ್ಲ ಅಂತ. ಅಮ್ಮ ತೀರಿಕೊಂಡು ಎಷ್ಟೋ ವರ್ಷದ ಮೇಲೆ ಚೀಟಿ ಮಗನ ಕೈಗೆ ಸಿಗುತ್ತದೆ. ಅದರಲ್ಲಿ ಬರೆದಿದ್ದೇ ಬೇರೆ: ಇವನಿಗೆ ಬುದ್ಧಿ ಸರಿಯಿಲ್ಲ, ಇನ್ನು ಕಳಿಸಬೇಡಿ.

ಅಂಥ ಪತ್ರ ಇಲ್ಲ. ಎಡಿಸನ್ ತಾನೇ ಹೇಳಿಕೊಂಡ ಕಥೆಗೆ ಇದು ಹೊಂದುವುದೂ ಇಲ್ಲ. ಅವನ ಪ್ರಕಾರ, 'ಈ ಹುಡುಗನ ತಲೆ ಕಲಸಿಹೋಗಿದೆ' ಎಂದು ಮೇಷ್ಟ್ರು ಹೇಳಿದ್ದು ಅವನ ಕಿವಿಗೇ ಬಿತ್ತು. ಅಳುತ್ತಾ ಮನೆಗೆ ಹೋದ. ಅಮ್ಮ ನ್ಯಾನ್ಸಿ ಮೇಷ್ಟ್ರ ಜೊತೆ ಜಗಳ ಆಡಿ, ಮಗನಿಗೆ ಮನೆಯಲ್ಲೇ ಪಾಠ ಹೇಳಿಕೊಟ್ಟಳು. ಅಂದರೆ ಯಾರೂ ಏನನ್ನೂ ಮುಚ್ಚಿಡಲಿಲ್ಲ. ಅವಳು ತೀರಿಕೊಂಡಿದ್ದು 1871ರಲ್ಲಿ. ಆಗ ಅವನಿಗೆ 24 ವರ್ಷ. ಫೋನೋಗ್ರಾಫ್, ಬಲ್ಬು ಎಲ್ಲ ಇನ್ನೂ ಮುಂದಿದ್ದವು.

ಇಲ್ಲಿ ಇನ್ನೊಂದು ಕಥೆ ಕಟ್ಟುವ ಆಸೆ ಯಾರಿಗಾದರೂ ಬರುತ್ತದೆ. ಹುಡುಗನಿಗೆ ಕಿವಿ ಕೇಳುತ್ತಿರಲಿಲ್ಲ, ಅದಕ್ಕೇ ಮೇಷ್ಟ್ರು ದಡ್ಡ ಅಂದುಕೊಂಡರು ಅಂತ. ಚೆನ್ನಾಗಿ ಕೂರುತ್ತದೆ, ಅಲ್ವಾ? ಆದರೆ ಶಾಲೆಯ ಘಟನೆ ನಡೆದದ್ದು ಏಳೆಂಟು ವರ್ಷದವನಿದ್ದಾಗ. ಕಿವಿ ಮಂದವಾಗಿದ್ದು ಹನ್ನೆರಡರ ಹೊತ್ತಿಗೆ ಎಂದು ಅವನೇ ಹೇಳಿದ್ದಾನೆ. 1885ರ ದಿನಚರಿಯಲ್ಲಿ, ಹನ್ನೆರಡನೇ ವಯಸ್ಸಿನಿಂದ ಹಕ್ಕಿ ಹಾಡಿದ್ದನ್ನೇ ಕೇಳಿಲ್ಲ ಎಂದು ಬರೆದಿದ್ದಾನೆ. ಮೇಷ್ಟ್ರ ಮಾತು ಕೇಳಿಸಿಕೊಂಡ ಹುಡುಗನನ್ನು ಅದೇ ದಿನ ಕಿವುಡನನ್ನಾಗಿ ಮಾಡುವುದು ಕಷ್ಟ.

ಕಿವಿಯ ತೊಂದರೆ ಮಾತ್ರ ನಿಜ. ಅದರಲ್ಲಿ ಅನುಮಾನ ಬೇಡ. ಅದು ಹೇಗೆ ಬಂತು ಎನ್ನುವಲ್ಲಿ ಕಥೆಗಳು ಶುರುವಾಗುತ್ತವೆ.

ಎಡಿಸನ್ ಹನ್ನೆರಡನೇ ವಯಸ್ಸಿಗೆ ರೈಲಿನಲ್ಲಿ ಪೇಪರು, ತಿಂಡಿ ಮಾರುವ ಕೆಲಸಕ್ಕೆ ಸೇರಿದ. ಪೋರ್ಟ್ ಹ್ಯೂರನ್‌ನಿಂದ ಡೆಟ್ರಾಯಿಟ್‌ಗೆ ಹೋಗಿಬರುವ ರೈಲು. ಲಗೇಜು ಡಬ್ಬಿಯ ಮೂಲೆಯಲ್ಲಿ ಬಾಟಲಿ, ರಾಸಾಯನಿಕ ಇಟ್ಟುಕೊಂಡು ಪ್ರಯೋಗ ಮಾಡುತ್ತಿದ್ದ. ಒಂದು ದಿನ ರಂಜಕ ಕೆಳಗೆ ಬಿದ್ದು ಡಬ್ಬಿಗೆ ಬೆಂಕಿ ಹತ್ತಿತು. ಸಿಟ್ಟಾದ ಕಂಡಕ್ಟರ್ ಮುಂದಿನ ಸ್ಟೇಷನ್ನಿನಲ್ಲಿ ಬಾಟಲಿ ಸಮೇತ ಅವನನ್ನು ಇಳಿಸಿ, ಕಿವಿಯ ಮೇಲೆ ಬಾರಿಸಿದ. ಆ ಪೆಟ್ಟಿಗೇ ಕಿವಿ ಹೋಯಿತು. ಮಕ್ಕಳ ಪುಸ್ತಕಗಳಲ್ಲಿ ಇರುವುದು ಇದೇ.

ಈಗ ಸ್ವಲ್ಪ ಲೆಕ್ಕ ಹಾಕೋಣ. ಅದೇ ಡಬ್ಬಿಯಲ್ಲಿ ಅವನು 'ವೀಕ್ಲಿ ಹೆರಾಲ್ಡ್' ಎಂಬ ಪುಟ್ಟ ಪತ್ರಿಕೆಯನ್ನೂ ಅಚ್ಚು ಹಾಕುತ್ತಿದ್ದ. ಅದು 1862ರ ಮಾತು. ಅವನು ಹುಟ್ಟಿದ್ದು 1847ರ ಫೆಬ್ರವರಿಯಲ್ಲಿ, ಹಾಗಾಗಿ ಆಗ 15 ವರ್ಷ. ಡಬ್ಬಿಯಿಂದ ಹೊರಗೆ ಹಾಕಿದ್ದು ಪತ್ರಿಕೆ ನಡೆಸಿದ ಮೇಲೇ ಇರಬೇಕಲ್ಲ. ಹಾಗಾದರೆ ಪೆಟ್ಟು ಬಿದ್ದಿದ್ದು ಹದಿನೈದಕ್ಕೆ, ಕಿವಿ ಹೋಗಿದ್ದು ಹನ್ನೆರಡಕ್ಕೆ! ಅದು ಯಾವ ಸ್ಟೇಷನ್ ಎನ್ನುವುದರಲ್ಲೂ ಪುಸ್ತಕಗಳು ಒಂದೇ ಮಾತು ಹೇಳುವುದಿಲ್ಲ.

ಎಡಿಸನ್ ವಯಸ್ಸಾದ ಮೇಲೆ ಹೇಳಿದ್ದು ಬೇರೆಯೇ. ಕೈತುಂಬ ಪೇಪರ್ ಹಿಡಿದು, ಹೊರಟ ರೈಲಿಗೆ ಹತ್ತಲು ಒದ್ದಾಡುತ್ತಿದ್ದನಂತೆ. ರೈಲಿನವನೊಬ್ಬ ಎರಡೂ ಕಿವಿ ಹಿಡಿದು ಮೇಲಕ್ಕೆ ಎಳೆದುಕೊಂಡ. ತಲೆಯೊಳಗೆ ಏನೋ ಪಟ್ ಅಂದಂತಾಯಿತು, ಅಲ್ಲಿಂದ ಕಿವುಡು ಶುರುವಾಯಿತು. ನೋಡಿ, ಹೊಡೆದ ಖಳನಾಯಕ ಇಲ್ಲಿ ಜೀವ ಉಳಿಸಿದವನಾಗಿದ್ದಾನೆ. ಎಡಿಸನ್ ಸುಳ್ಳು ಹೇಳಿದ ಅಂತ ನಾನು ಹೇಳುತ್ತಿಲ್ಲ. ಕಿವಿ ಹಿಡಿದು ಎಳೆದದ್ದು ನಡೆದಿರಬಹುದು. ನಿಧಾನವಾಗಿ ಮಂದವಾಗುತ್ತಿದ್ದ ಕಿವಿಗೆ ಒಂದು ತಾರೀಖು, ಒಂದು ಕಾರಣ ಬೇಕಿತ್ತು. ಮನೆಯಲ್ಲಿ ನಾವೂ ಇದನ್ನೇ ಮಾಡುತ್ತೇವೆ. 'ಆ ಜಾತ್ರೆಯಲ್ಲಿ ಬಿದ್ದ ಮೇಲೇ ಮಗುವಿಗೆ ಹೀಗಾಗಿದ್ದು' ಅನ್ನುತ್ತೇವೆ.

ವೈದ್ಯಕೀಯವಾಗಿ ನೋಡಿದರೆ ಎರಡೂ ಸರಿಹೋಗುವುದಿಲ್ಲ. ಕೈಗೆ ಸಿಗುವುದು ಹೊರಗಿವಿ, ಬರೀ ಮೃದ್ವಸ್ಥಿ. ಕೇಳಿಸುವ ಭಾಗ ಒಳಗೆ ಮೂಳೆಯೊಳಗಿದೆ. ಜೋರಾಗಿ ಹೊಡೆದರೆ ಕಿವಿತಮಟೆ ಹರಿಯಬಹುದು, ಆದರೆ ಸಾಮಾನ್ಯವಾಗಿ ಹೊಡೆದ ಕಡೆ ಮಾತ್ರ, ಮತ್ತು ಬಹಳಷ್ಟು ಸಲ ಅದು ತಾನಾಗಿಯೇ ಕೂಡಿಕೊಳ್ಳುತ್ತದೆ. ಎಡಿಸನ್‌ಗೆ ಎರಡೂ ಕಿವಿ ಮಂದವಾಗಿದ್ದವು. ದಶಕಗಟ್ಟಲೆ ಜಾಸ್ತಿಯಾಗುತ್ತಲೇ ಹೋಯಿತು.

ಇತಿಹಾಸಕಾರರು ತೋರಿಸುವ ಕಾರಣದಲ್ಲಿ ನಾಟಕ ಇಲ್ಲ. ಚಿಕ್ಕಂದಿನಲ್ಲಿ ಬಂದ ಸ್ಕಾರ್ಲೆಟ್ ಜ್ವರ, ಆಮೇಲೆ ಮತ್ತೆಮತ್ತೆ ಆದ ಕಿವಿ ಸೋಂಕು. ಸ್ಕಾರ್ಲೆಟ್ ಜ್ವರದ ಬ್ಯಾಕ್ಟೀರಿಯಾ ಗಂಟಲಿನಲ್ಲಿ ಕೂತಿರುತ್ತದೆ. ಗಂಟಲಿನಿಂದ ಮಧ್ಯಕಿವಿಗೆ ಒಂದು ಸಣ್ಣ ನಳಿಕೆ ಇದೆ, ಸೋಂಕು ಅದರಲ್ಲೇ ಹತ್ತುತ್ತದೆ. ಕೀವು ತುಂಬುತ್ತದೆ, ಕಿವಿ ಸೋರುತ್ತದೆ. ಮತ್ತೆಮತ್ತೆ ಹೀಗಾದರೆ ಶಬ್ದವನ್ನು ಒಳಕ್ಕೆ ದಾಟಿಸುವ ಮೂರು ಪುಟ್ಟ ಮೂಳೆಗಳು ಹಾಳಾಗುತ್ತವೆ. ಆ್ಯಂಟಿಬಯಾಟಿಕ್ ಇಲ್ಲದ ಕಾಲ ಅದು. ಅರವತ್ತರ ಆಸುಪಾಸಿನಲ್ಲಿ ಎಡಿಸನ್‌ಗೆ ಕಿವಿಯ ಹಿಂದಿನ ಮೂಳೆಗೆ ಶಸ್ತ್ರಚಿಕಿತ್ಸೆ ಆಯಿತು. ಸೋರುವ ಕಿವಿಯನ್ನು ಹಾಗೇ ಬಿಟ್ಟರೆ ಕೀವು ಹೋಗಿ ಕೂರುವ ಜಾಗ ಅದೇ.

ಇನ್ನೊಂದು ಸುಳಿವು ಅವನ ಹಲ್ಲಿನಲ್ಲಿದೆ. ಸಂಗೀತ ಕೇಳಬೇಕಾದಾಗ ಅವನು ಫೋನೋಗ್ರಾಫಿನ ಮರವನ್ನು ಹಲ್ಲಿನಿಂದ ಕಚ್ಚಿ ಹಿಡಿಯುತ್ತಿದ್ದ. ಹುಚ್ಚಾಟ ಅಲ್ಲ. ಕಂಪನ ಹಲ್ಲಿನಿಂದ ತಲೆಬುರುಡೆಗೆ, ಅಲ್ಲಿಂದ ನೇರ ಒಳಕಿವಿಗೆ ಹೋಗುತ್ತದೆ, ಮಧ್ಯಕಿವಿಯ ದಾರಿ ಬೇಕಿಲ್ಲ. ಈಗಲೂ ಕಿವಿ ಡಾಕ್ಟರು ಟ್ಯೂನಿಂಗ್ ಫೋರ್ಕ್ ಮಿಡಿದು ಮೊದಲು ಕಿವಿಯ ಹಿಂದಿನ ಮೂಳೆಗೆ ಒತ್ತುತ್ತಾರೆ, ಆಮೇಲೆ ಕಿವಿಯ ಮುಂದೆ ಹಿಡಿಯುತ್ತಾರೆ. ಮೂಳೆಯ ಮೇಲೆ ಇಟ್ಟಾಗಲೇ ಜೋರಾಗಿ ಕೇಳಿದರೆ ತೊಂದರೆ ಸಾಮಾನ್ಯವಾಗಿ ಹೊರಗಿವಿಯಲ್ಲೋ ಮಧ್ಯಕಿವಿಯಲ್ಲೋ ಇರುತ್ತದೆ. ಎಡಿಸನ್ನನ ಹಲ್ಲಿನ ಅಭ್ಯಾಸವೂ ಅದೇ ಕಡೆ ಕೈ ತೋರಿಸುತ್ತದೆ. ಪಕ್ಕಾ ಸಾಕ್ಷಿ ಅಲ್ಲ, ಆದರೆ ರೈಲಿನ ಕಥೆಗಿಂತ ಗಟ್ಟಿ.

ಇದರ ಮೇಲೆ ಕೂರಿಸಿದ ಕೊನೆಯ ಕಥೆ, ಕಿವುಡೇ ಅವನಿಗೆ ವರವಾಯಿತು ಅನ್ನುವುದು. ಇದರಲ್ಲಿ ಒಂದಿಷ್ಟು ಹುರುಳಿದೆ. ತಾರಿನ ಕೆಲಸದಲ್ಲಿದ್ದಾಗ ತನ್ನ ಮೇಜಿನ ಯಂತ್ರದ ಟಕಟಕ ಮಾತ್ರ ಕೇಳುತ್ತಿತ್ತು, ಪಕ್ಕದವರ ಗಲಾಟೆ ಕೇಳುತ್ತಿರಲಿಲ್ಲ ಎಂದು ಅವನು ಹೇಳಿದ್ದಾನೆ. ಹತ್ತಿರದ ಗಟ್ಟಿ ಶಬ್ದ ಮಂದ ಕಿವಿಗೂ ಸಿಗುತ್ತದೆ, ನಂಬಬಹುದು. ಗ್ರಹಾಂ ಬೆಲ್‌ನ ಟೆಲಿಫೋನ್ ತನಗೆ ಸರಿಯಾಗಿ ಕೇಳದ ಕಾರಣಕ್ಕೇ, ಮಾತನ್ನು ವಿದ್ಯುತ್ತಾಗಿ ಬದಲಿಸುವ ಇಂಗಾಲದ ಟ್ರಾನ್ಸ್‌ಮಿಟರ್ ಮಾಡಿದೆ ಎಂದೂ ಹೇಳಿಕೊಂಡ. ಆದರೆ ಆ ಟೆಲಿಫೋನ್ ಚೆನ್ನಾಗಿ ಕಿವಿ ಕೇಳುವವರಿಗೂ ಮೆಲ್ಲಗೇ ಕೇಳುತ್ತಿತ್ತು. ವೆಸ್ಟರ್ನ್ ಯೂನಿಯನ್ ಕಂಪನಿ ಆ ಕೆಲಸಕ್ಕೆ ದುಡ್ಡು ಕೊಟ್ಟಿತ್ತು. ಈ ದುಡ್ಡಿನ ಕಾರಣ ಯಾವ ಮಕ್ಕಳ ಪುಸ್ತಕದಲ್ಲೂ ನಾನು ಕಂಡಿಲ್ಲ.

ವರ ಅನ್ನುವವರು ರೆಕಾರ್ಡ್ ವ್ಯಾಪಾರದ ಹತ್ತಿರ ಬರುವುದೇ ಇಲ್ಲ. 1912ರಿಂದ ಎಡಿಸನ್ ಕಂಪನಿ ಡೈಮಂಡ್ ಡಿಸ್ಕ್ ಎಂಬ ತಟ್ಟೆಗಳನ್ನು ಮಾರಿತು. ಧ್ವನಿಯ ಗುಣಮಟ್ಟದಲ್ಲಿ ಬೇರೆಯವರಿಗಿಂತ ಮುಂದಿತ್ತು. ಆದರೆ ಯಾವ ಹಾಡು, ಯಾವ ಗಾಯಕರು ಎನ್ನುವುದರಲ್ಲಿ ಯಜಮಾನರದ್ದೇ ಮಾತು ನಡೆಯುತ್ತಿತ್ತು. ಬಹುತೇಕ ಕಿವುಡಾಗಿದ್ದ ಮನುಷ್ಯ ಗಾಯಕರನ್ನು ಪರೀಕ್ಷೆ ಮಾಡುತ್ತಿದ್ದ! ಒಪೆರಾದವರು ಸ್ವರವನ್ನು ಅಲುಗಿಸಿ ಹಾಡುವುದು ಅವನಿಗೆ ಸಹಿಸುತ್ತಲೇ ಇರಲಿಲ್ಲ. ದೊಡ್ಡ ಹೆಸರಿನವರಿಗೆ ದುಡ್ಡು ಸುರಿಯಲೂ ಒಪ್ಪುತ್ತಿರಲಿಲ್ಲ. ಜನ ಮಾತ್ರ ಒಪೆರಾ ಗಾಯಕ ಕರೂಸೋ ಬೇಕು ಅಂತ ವಿಕ್ಟರ್ ಕಂಪನಿಯ ಅಂಗಡಿಗೆ ಹೋದರು. ಸೋಲಿಗೆ ಕಿವಿಯೊಂದೇ ಕಾರಣ ಅಲ್ಲ. ಅವನ ತಟ್ಟೆ ಬೇರೆ ಕಂಪನಿಯ ಮಾಮೂಲಿ ಯಂತ್ರದಲ್ಲಿ ಓಡುತ್ತಿರಲಿಲ್ಲ, ರೇಡಿಯೋ ಬೇರೆ ಬಂತು. ಆದರೂ ಕಿವಿಗೆ ಅದರಲ್ಲಿ ಪಾಲಿತ್ತು. 1929ರ ಅಕ್ಟೋಬರಿನಲ್ಲಿ ಫೋನೋಗ್ರಾಫ್ ಕಂಡುಹಿಡಿದವನ ಕಂಪನಿಯೇ ರೆಕಾರ್ಡ್ ಮಾಡುವುದನ್ನು ನಿಲ್ಲಿಸಿತು.