ಒಂದು ರಾತ್ರಿಗೆ ಎಷ್ಟು ದಿನ?

ಕೇಳುಗರೇ, ನಮಸ್ಕಾರ.

ಕರಾವಳಿಯ ತೆಂಕುತಿಟ್ಟಿನ ಯಕ್ಷಗಾನದಲ್ಲಿ ವೇಷ ಕಟ್ಟುವ ಜಾಗವಾದ ಚೌಕಿಯಲ್ಲಿ, ರಾಕ್ಷಸ ಪಾತ್ರ ಮಾಡುವ ಬಣ್ಣದ ವೇಷಧಾರಿ ಕನ್ನಡಿ ಮುಂದೆ ಕೂತರೆ ಏಳುವುದಕ್ಕೆ ಮೂರು ಗಂಟೆಯಾದರೂ ಬೇಕು. ಅಕ್ಕಿ ಹಿಟ್ಟು, ಸುಣ್ಣ ಕಲಸಿ, ಮುಖದ ಮೇಲೆ ಮುಳ್ಳಿನಂಥ ಬಿಳಿ ಚಿಟ್ಟಿಗಳನ್ನು ಒಂದೊಂದಾಗಿ ಇಡುತ್ತಾ ಹೋಗುತ್ತಾರೆ. ಈ ಮೂರು ಗಂಟೆಯ ಮೇಲೆ 20 ನಿಮಿಷದ ಸಾಕ್ಷ್ಯಚಿತ್ರ ಮಾಡಬೇಕು ಅಂದುಕೊಳ್ಳಿ. ಬೆಂಗಳೂರಿನಿಂದ ನಾಲ್ಕು ಜನ ಹೊರಡುತ್ತೇವೆ. ದುಡ್ಡೆಷ್ಟು, ದಿನ ಎಷ್ಟು?

ಸುಮಾರು ಜನ ಮೊದಲು ಕ್ಯಾಮೆರಾ ಬಾಡಿಗೆ ವಿಚಾರಿಸುತ್ತಾರೆ. ನಾನು ಮೊದಲು ಕೇಳುವುದು ಮೇಳದ ತಿರುಗಾಟದ ಪಟ್ಟಿ. ಭಕ್ತರು ಹರಕೆ ಹೊತ್ತು ಆಡಿಸುವ ಆಟಗಳಲ್ಲಿ ದಿನಕ್ಕೊಂದು ಊರು. ಪ್ರಸಂಗ ಯಾವುದು ಅನ್ನುವುದು ಆಟ ಆಡಿಸುವವರ ಮೇಲೆ ನಿಂತಿದೆ. ಎಲ್ಲ ಪ್ರಸಂಗದಲ್ಲೂ ನಮಗೆ ಬೇಕಾದ ಬಣ್ಣದ ವೇಷ ಇರುವುದಿಲ್ಲ. ಪಟ್ಟಿ ನೋಡದೆ ಹೋದರೆ ಕಲಾವಿದರು ಬೇರೆ ವೇಷಕ್ಕೆ ಕೂತಿರುತ್ತಾರೆ, ಇಡೀ ಯೂನಿಟ್ಟು ಸುಮ್ನೆ ನಿಂತಿರುತ್ತದೆ. ನನಗೇ ಹೀಗಾಗಿ ಎರಡು ರಾತ್ರಿ ಕೈತಪ್ಪಿವೆ.

ಹಾಗಾಗಿ ಎರಡು ವಾರ ಮೊದಲೇ ನಿರ್ದೇಶಕರು ಒಬ್ಬರೇ ಬಸ್ಸಿನಲ್ಲಿ ಹೋಗಿ ಒಂದು ರಾತ್ರಿ ಚೌಕಿಯಲ್ಲಿ ಕೂತು ಬರಬೇಕು. ಖರ್ಚು ಮೂರು ಸಾವಿರದ ಒಳಗೆ. ಪಟ್ಟಿ ಸಿಗುತ್ತದೆ. ಕಲಾವಿದರ ಪರಿಚಯ ಆಗುತ್ತದೆ. ಬಲ್ಬು ಎಲ್ಲಿದೆ, ಚೆಂಡೆಯ ಸದ್ದು ಚೌಕಿಗೆ ಎಷ್ಟು ಬರುತ್ತದೆ ಅನ್ನುವುದು ಗೊತ್ತಾಗುತ್ತದೆ. ಆ ಸದ್ದು ಕೇಳಿದ ಮೇಲೆ ಸೌಂಡ್‌ನವರನ್ನು ಬಿಟ್ಟು ಹೋಗುವ ಯೋಚನೆ ಬರುವುದಿಲ್ಲ. ವೇಷಧಾರಿಯ ಎದೆಗೆ ಮೈಕು ಸಿಕ್ಕಿಸುವಂತಿಲ್ಲ, ಆಭರಣ ಏರಿದರೆ ಅದು ಮುಚ್ಚಿಹೋಗುತ್ತದೆ. ಮೈಕನ್ನು ಕೋಲಿಗೆ ಕಟ್ಟಿ ಹತ್ತಿರ ಹಿಡಿಯುವವರು ಬೇಕೇ ಬೇಕು. ಆದ್ದರಿಂದ ನಿರ್ದೇಶಕರು, ಕ್ಯಾಮೆರಾದವರು, ಸೌಂಡ್‌ನವರು, ಒಬ್ಬ ಸಹಾಯಕ. ಇದಕ್ಕಿಂತ ಜಾಸ್ತಿ ಜನರಿಗೆ ಚೌಕಿಯಲ್ಲಿ ಜಾಗವೂ ಇರುವುದಿಲ್ಲ.

ಈಗ ದಿನದ ಲೆಕ್ಕ. ಸಂಜೆ ಐದಕ್ಕೆ ಚೌಕಿಗೆ ಹೋದರೆ, ಕಾಲಮಿತಿಯ ಆಟವಾದರೂ ಬಿಡುವಾಗ ರಾತ್ರಿ ಒಂದು ಗಂಟೆ. ಒಂದು ಕಾಲ್‌ಶೀಟು, ಅಂದರೆ ಎಂಟು ಗಂಟೆಯ ಕೆಲಸದ ಪಾಳಿ, ಅಲ್ಲಿಗೇ ಮುಗಿಯಿತು. ಮಧ್ಯಾಹ್ನ ಮೂರಕ್ಕೇ ಕಲಾವಿದರ ಮಾತು ಚಿತ್ರೀಕರಿಸಿ, ಅದೇ ರಾತ್ರಿ ಆಟವನ್ನೂ ಹಿಡಿಯೋಣ ಅಂದರೆ ಅದು ಒಂದೂವರೆ ಕಾಲ್‌ಶೀಟು. ದುಡ್ಡೂ ಹೆಚ್ಚು, ರಾತ್ರಿ ಹನ್ನೊಂದರ ಹೊತ್ತಿಗೆ ಕ್ಯಾಮೆರಾ ಹಿಡಿದ ಕೈ ಸೋತಿರುತ್ತದೆ. ಹಾಗಾಗಿ ಮೂರು ರಾತ್ರಿ ಚೌಕಿಗೆ, ಒಂದು ಹಗಲು ಮಾತಿಗೆ. ಪ್ರಸಂಗ ಬದಲಾದರೆ ಅಂತ ಇನ್ನೊಂದು ದಿನ. ಒಟ್ಟು ಐದು ದಿನ, ಜೊತೆಗೆ ಹೋಗಿ ಬರುವ ಎರಡು ದಿನ.

ಒಂದು ದಿನಕ್ಕೆ ನನ್ನ ಅಂದಾಜು ಹೀಗೆ. ಎರಡು ಕ್ಯಾಮೆರಾ ಸಮೇತ ಕ್ಯಾಮೆರಾದವರಿಗೆ ಎಂಟು ಸಾವಿರ, ಸಲಕರಣೆ ಸಮೇತ ಸೌಂಡ್‌ನವರಿಗೆ ಐದು, ಸಹಾಯಕನಿಗೆ ಒಂದೂವರೆ. ಡ್ರೈವರ್ ಸೇರಿ ಐದು ಜನರ ಊಟ, ರೂಮಿಗೆ ಆರು ಸಾವಿರ. ಓಡಾಟ, ಡ್ರೈವರ್ ಬಾಟಾ ಒಂದೂವರೆ. ಎಲ್ಲ ಸೇರಿ ಸುಮಾರು 22 ಸಾವಿರ. ನಿಮ್ಮ ಊರಿನ ದರ ಬೇರೆ ಇರಬಹುದು. ಆದರೆ ಈ ಒಂದು ಸಂಖ್ಯೆ ಕೈಯಲ್ಲಿದ್ದರೆ, ಒಂದು ದಿನ ಕೂಡಿಸಿದಾಗ ಏನಾಗುತ್ತದೆ ಅಂತ ತಕ್ಷಣ ತಿಳಿಯುತ್ತದೆ. ಐದು ದಿನಕ್ಕೆ ಒಂದು ಲಕ್ಷ ಹತ್ತು ಸಾವಿರ. ಪ್ರಯಾಣದ ಎರಡು ದಿನಕ್ಕೆ ಅರ್ಧ ಸಂಬಳ, ಗಾಡಿ ಬಾಡಿಗೆ, ಊಟ ಎಲ್ಲ ಹಿಡಿದು 35 ಸಾವಿರ.

ಶೂಟಿಂಗ್ ಮುಗಿದ ಮೇಲಿನ ಖರ್ಚನ್ನೇ ಜನ ಮರೆಯುವುದು. ಒಂದು ಕ್ಯಾಮೆರಾ ಮುಖದ ಮೇಲೆ ಅಲುಗಾಡದೆ ನಿಂತಿರುತ್ತದೆ, ಇನ್ನೊಂದು ಓಡಾಡುತ್ತದೆ. ಒಂದೊಂದಕ್ಕೂ ರಾತ್ರಿಗೆ ನಾಲ್ಕು ಗಂಟೆಯಂತೆ ಎರಡೂ ಸೇರಿ ಮೂರು ರಾತ್ರಿಗೆ 24 ಗಂಟೆ, ಮಾತು ಎರಡು ಗಂಟೆ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ 45 ಜಿಬಿ. ಅಂದರೆ 26 ಗಂಟೆಗೆ ಸುಮಾರು 1,170 ಜಿಬಿ. ಎರಡು ಟಿಬಿಯ ಡ್ರೈವ್ ಎರಡು ಬೇಕು, ಒಂದರಲ್ಲಿ ಇದ್ದದ್ದೇ ಇನ್ನೊಂದರಲ್ಲೂ ಇರಬೇಕು. ಅದಕ್ಕೆ 14 ಸಾವಿರ ಇಡುತ್ತೇನೆ. ಕಾರ್ಡು ಖಾಲಿ ಮಾಡುವುದು ಸಹಾಯಕನ ಕೆಲಸ. ಎರಡೂ ಡ್ರೈವಿನಲ್ಲಿ ತೆರೆದು ನೋಡುವ ತನಕ ಕಾರ್ಡು ಅಳಿಸಬಾರದು.

26 ಗಂಟೆಯ ಚಿತ್ರವನ್ನು ನೋಡಿ, ಬರೆದುಕೊಳ್ಳುವುದಕ್ಕೇ ಐದು ದಿನ ಹಿಡಿಯುತ್ತದೆ. ಎಡಿಟಿಂಗಿಗೆ ನಾನು ಮುಗಿದ ಚಿತ್ರದ ನಿಮಿಷಕ್ಕೆ ಒಂದು ದಿನ ಅಂತ ಹಿಡಿಯುತ್ತೇನೆ. 20 ದಿನ, 50 ಸಾವಿರ. ಸೌಂಡ್ ಮಿಕ್ಸಿಂಗ್, ಕಲರ್‌ಗೆ 25. ಕಲಾವಿದರಿಗೆ ಹತ್ತು ಸಾವಿರ. ಅವರ ಮುಖವೇ ನಮ್ಮ ಚಿತ್ರ ಅಲ್ವಾ? ಅದು ಪಟ್ಟಿಯಿಂದ ಬಿಟ್ಟುಹೋಗಬಾರದು.

ಎಲ್ಲ ಕೂಡಿದರೆ, ಮೊದಲ ಭೇಟಿಯ ಮೂರು ಸಾವಿರವೂ ಸೇರಿ, ಎರಡು ಲಕ್ಷ 47 ಸಾವಿರ. ಮೇಲೆ ನೂರಕ್ಕೆ ಹತ್ತರಂತೆ 25 ಸಾವಿರ ತೆಗೆದಿಡಿ. ಅಷ್ಟರಲ್ಲಿ ಇನ್ನೊಂದು ದಿನದ ಶೂಟಿಂಗ್ ಆಗುತ್ತದೆ. ದುಡ್ಡು ಕಡಿಮೆ ಬಿದ್ದರೆ, ಪ್ರಸಂಗ ಬದಲಾದರೆ ಅಂತ ಇಟ್ಟ ಆ ಐದನೇ ದಿನವನ್ನು ಕಡಿಯಬೇಡಿ. ಚಿತ್ರವನ್ನು 12 ನಿಮಿಷಕ್ಕೆ ಇಳಿಸಿ, ಎಡಿಟಿಂಗಿನಲ್ಲೇ ಎಂಟು ದಿನ ಉಳಿಯುತ್ತದೆ.

ಇನ್ನು ತಾರೀಕು. ಮೇ ತಿಂಗಳ ಕೊನೆಯಲ್ಲಿ ತುಳುವರ ಪತ್ತನಾಜೆ ದಿನ ಬಂದರೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಆಮೇಲೆ ಬಿಟ್ಟುಹೋದ ಒಂದು ಶಾಟ್ ಬೇಕೆಂದರೂ ನವೆಂಬರ್ ತನಕ ಕಾಯಬೇಕು. ಅದಕ್ಕೇ ನಾನು ಶೂಟಿಂಗನ್ನು ಫೆಬ್ರವರಿಗೆ ಹಾಕುತ್ತೇನೆ. ಮಾರ್ಚಿನಲ್ಲಿ ಎಡಿಟಿಂಗ್ ಮೇಜಿನ ಮೇಲೆ ಏನು ಸಾಲದು ಅಂತ ಗೊತ್ತಾದರೆ, ಏಪ್ರಿಲ್‌ನಲ್ಲಿ ಮತ್ತೊಂದು ರಾತ್ರಿ ಚೌಕಿಗೆ ಹೋಗಿಬರಬಹುದು.

ನಮಸ್ಕಾರ.