ಹಾಲ್‌ನ ಬಣ್ಣದ ಲೆಕ್ಕದಲ್ಲಿ ನೆಲವನ್ನು ಮರೆತರೆ ಏನಾಗುತ್ತದೆ?

[ದೃಶ್ಯ: ಹಳೆಯ ಮನೆಯ ಹಾಲ್. ರೆಡ್ ಆಕ್ಸೈಡ್ ನೆಲ, ತೇಗದ ಬಾಗಿಲು. ಒಂದು ಗೋಡೆ ಮರೂನ್, ಉಳಿದವು ಕ್ರೀಮ್.]

ನಮಸ್ಕಾರ. ಇದು ಮೈಸೂರಿನಲ್ಲಿರುವ ನಮ್ಮ ಅಕ್ಕನ ಮನೆಯ ಹಾಲ್. ಹೋದ ವರ್ಷ ಪೇಂಟ್ ಮಾಡಿಸಿದ ಮೇಲೆ ಅಕ್ಕ ಫೋನ್ ಮಾಡಿದರು. "ಹಾಲ್ ಯಾಕೋ ಚಿಕ್ಕದಾದ ಹಾಗಿದೆ ಕಣೇ. ಹಗಲಲ್ಲೂ ಲೈಟ್ ಹಾಕಬೇಕು ಅನ್ನಿಸುತ್ತೆ" ಅಂದರು. ನೆಲಕ್ಕೆ ಮ್ಯಾಚ್ ಆಗಲಿ ಅಂತ ಅವರು ಒಂದು ಗೋಡೆಗೆ ಮರೂನ್ ಹೊಡೆಸಿದ್ದರು.

ಹಾಲ್‌ಗೆ ಬಣ್ಣ ಆರಿಸುವಾಗ 60-30-10 ಅನ್ನುವ ಅಳತೆ ನೀವು ಕೇಳಿರಬಹುದು. ಕಣ್ಣಿಗೆ ಬೀಳುವ ಜಾಗದಲ್ಲಿ ಸುಮಾರು 60 ಭಾಗ ಮುಖ್ಯ ಬಣ್ಣ, 30 ಭಾಗ ಜೊತೆ ಬಣ್ಣ, ಉಳಿದ 10 ಭಾಗ ಎದ್ದು ಕಾಣುವ ಬಣ್ಣ. ಈ ಕೊನೆಯದನ್ನು ನಾನು ಒಗ್ಗರಣೆ ಬಣ್ಣ ಅಂತ ಕರೆಯುತ್ತೇನೆ. ತುಂಬಾ ಜನ ಈ ಲೆಕ್ಕವನ್ನು ಗೋಡೆಯ ಪೇಂಟ್‌ಗೆ ಮಾತ್ರ ಹಾಕುತ್ತಾರೆ. ಆದರೆ ನೆಲ, ಬಾಗಿಲು, ಸೋಫಾ, ಕರ್ಟನ್ ಎಲ್ಲವೂ ಅದರೊಳಗೇ ಬರುತ್ತವೆ, ಅಲ್ವಾ?

[ದೃಶ್ಯ: ಕಾಗದದ ಮೇಲೆ ಹಾಲ್‌ನ ನಕ್ಷೆ. ಹೇಳುತ್ತಿದ್ದಂತೆ ಅಂಕಿಗಳು ಮೂಡುತ್ತವೆ.]

ಅಕ್ಕನ ಹಾಲ್ 12 ಅಡಿ ಅಗಲ, 14 ಅಡಿ ಉದ್ದ, 10 ಅಡಿ ಎತ್ತರ. ಬಾಗಿಲು, ಕಿಟಕಿ ಬಿಟ್ಟರೆ ಗೋಡೆ ಸುಮಾರು 440 ಚದರ ಅಡಿ. ನೆಲ 168, ಎರಡು ಬಾಗಿಲು 42, ಕರ್ಟನ್ 70, ಸೋಫಾ 60. ಎಲ್ಲ ಸೇರಿ 780. ಬಿಳಿ ಸೀಲಿಂಗ್ ಅನ್ನು ಸೇರಿಸಿಲ್ಲ, ಕೂತಾಗ ಕಣ್ಣು ಅಲ್ಲಿಗೆ ಹೋಗುವುದು ಕಡಿಮೆ. ಅಂದಾಜು ಸಾಕು, ಟೇಪ್ ಹಿಡಿದು ಇಂಚು ಇಂಚು ಅಳೆಯಬೇಕಿಲ್ಲ.

ಈಗ ನೋಡಿ. ನೆಲ, ತೇಗದ ಬಾಗಿಲು ಎರಡೂ ಕೆಂಪು-ಕಂದು ಬಳಗ. ಅವೇ 210 ಚದರ ಅಡಿ, ಅಂದರೆ 27 ಭಾಗ. ಪೇಂಟ್ ಡಬ್ಬ ತೆಗೆಯುವ ಮೊದಲೇ 30ರ ಜಾಗ ತುಂಬಿತ್ತು! ಅದರ ಮೇಲೆ 120 ಚದರ ಅಡಿಯ ಮರೂನ್ ಗೋಡೆ ಬಂತು. ಕೆಂಪು 42 ಭಾಗಕ್ಕೆ ಏರಿತು, ಕ್ರೀಮ್ 41ಕ್ಕೆ ಇಳಿಯಿತು. ಎರಡೂ ಸಮ ಸಮ. ಯಾವುದು ಮುಖ್ಯ ಅಂತ ಕಣ್ಣಿಗೆ ಗೊತ್ತಾಗಲಿಲ್ಲ. ಜೊತೆಗೆ ಗಾಢ ಬಣ್ಣ ಬೆಳಕನ್ನು ಹೀರಿಕೊಂಡಿತು. ಸಾಲದ್ದಕ್ಕೆ ಕರ್ಟನ್ ಸಾಸಿವೆ ಹಳದಿ, ಸೋಫಾ ಬಾಟಲ್ ಗ್ರೀನ್. ಒಗ್ಗರಣೆಗೂ ಎರಡು ಬಣ್ಣ, ಒಟ್ಟು 17 ಭಾಗ.

[ದೃಶ್ಯ: ಮರೂನ್ ಗೋಡೆಗೆ ಪ್ರೈಮರ್ ಹಚ್ಚುತ್ತಿರುವುದು.]

ಸೋಫಾ ಬದಲಿಸುವುದು ದುಬಾರಿ, ನೆಲ ಬದಲಿಸುವ ಮಾತೇ ಇಲ್ಲ. ಅಂಥ ನೆಲ ಈಗ ಮಾಡಿಸೋಣ ಅಂದರೆ ಕೆಲಸಗಾರರೇ ಸಿಗುವುದು ಕಷ್ಟ. ಹಾಗಾಗಿ ಎರಡನ್ನು ಮಾತ್ರ ಬದಲಿಸಿದೆವು. ಮರೂನ್ ಗೋಡೆಗೆ ಪ್ರೈಮರ್ ಹೊಡೆಸಿ, ಮೇಲೆ ಕ್ರೀಮ್. ಹಳದಿ ಕರ್ಟನ್ ತೆಗೆದು ಕೋರಾ ಬಣ್ಣದ ಹತ್ತಿ ಬಟ್ಟೆ. ಈಗ ಕ್ರೀಮ್ ಬಳಗ 65, ಕೆಂಪು-ಕಂದು 27, ಹಸಿರು ಸೋಫಾ 8. ಸರಿಯಾಗಿ 60-30-10 ಬರಲಿಲ್ಲ, ಬರಬೇಕಾಗಿಯೂ ಇಲ್ಲ. ಒಂದು ಬಣ್ಣ ಸ್ಪಷ್ಟವಾಗಿ ಮುಂದಿದ್ದರೆ ಸಾಕು.

ಒಗ್ಗರಣೆಯ 10ರಲ್ಲಿ ಉಳಿದ 2 ಭಾಗವನ್ನು ಸುಮ್ನೆ ಬಿಡಲಿಲ್ಲ. ಹಸಿರು ಸೋಫಾದಲ್ಲೊಂದೇ ಇದ್ದರೆ ಅಲ್ಲೇ ಭಾರವಾಗಿ ಕೂರುತ್ತದೆ. ಅದಕ್ಕೆ ಎದುರು ಮೂಲೆಯಲ್ಲಿ ಒಂದು ಮನಿ ಪ್ಲಾಂಟ್ ಕುಂಡ, ಟಿವಿ ಪಕ್ಕ ಒಂದು ಹಸಿರು ಹೂಜಿ ಇಟ್ಟೆವು. ಕಣ್ಣು ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ.

ಇಲ್ಲೊಂದು ಎಚ್ಚರಿಕೆ. ಈ ಅಳತೆ ಜಾಗವನ್ನು ಎಣಿಸುತ್ತದೆ, ಬಣ್ಣದ ತೀವ್ರತೆಯನ್ನು ಎಣಿಸುವುದಿಲ್ಲ. ಇದೇ ಸೋಫಾ ಗಿಳಿ ಹಸಿರಾಗಿದ್ದರೆ 8 ಭಾಗವೂ ಜಾಸ್ತಿ ಅನ್ನಿಸುತ್ತಿತ್ತು. ಪರೀಕ್ಷೆ ಸುಲಭ. ಬಾಗಿಲಲ್ಲಿ ನಿಂತು ಹಾಲ್‌ನ ಒಂದು ಫೋಟೋ ತೆಗೆಯಿರಿ. ಕಣ್ಣನ್ನು ಅರ್ಧ ಮುಚ್ಚಿ ನೋಡಿ. ವಸ್ತುಗಳು ಮಸುಕಾಗಿ ಬಣ್ಣದ ತೇಪೆಗಳಷ್ಟೇ ಉಳಿಯುತ್ತವೆ. ಯಾವ ತೇಪೆ ಮೊದಲು ಎದುರಿಗೆ ನುಗ್ಗುತ್ತದೋ ಅದನ್ನು ಕಡಿಮೆ ಮಾಡಿ.

[ದೃಶ್ಯ: ಗೋಡೆಯ ಮೇಲೆ ಎರಡು ಸ್ಯಾಂಪಲ್ ಚೌಕ. ಬೆಳಗ್ಗೆ, ಆಮೇಲೆ ರಾತ್ರಿ.]

ಕೆಂಪು ನೆಲ ಇರುವವರಿಗೆ ಇನ್ನೊಂದು ಮಾತು. ಬಿಸಿಲು ನೆಲಕ್ಕೆ ಬಿದ್ದು ಗೋಡೆಯ ಕೆಳಭಾಗಕ್ಕೆ ಕೆಂಪು ಛಾಯೆ ಚೆಲ್ಲುತ್ತದೆ. ನೀಲಿ ಛಾಯೆಯ ಬಿಳಿ ಹೊಡೆಸಿದರೆ ಅದು ಅಲ್ಲಲ್ಲಿ ಗುಲಾಬಿಯಾಗಿ ಕಾಣಬಹುದು. ಹಳದಿ ಛಾಯೆಯ ಕ್ರೀಮ್‌ನಲ್ಲಿ ಅದು ಬೆರೆತುಹೋಗುತ್ತದೆ. ಆದ್ದರಿಂದ ನೆಲದ ಹತ್ತಿರವೇ 2 ಅಡಿ ಚೌಕದಷ್ಟು ಸ್ಯಾಂಪಲ್ ಎರಡು ಕೋಟ್ ಹೊಡೆಸಿ, ಒಣಗಿದ ಮೇಲೆ ಬೆಳಗ್ಗೆ ಒಮ್ಮೆ, ರಾತ್ರಿ ಲೈಟ್ ಹಾಕಿ ಒಮ್ಮೆ ನೋಡಿ.

ಪೇಂಟ್ ಕೊನೆಗೆ ಆರಿಸಿ. ಅಂಗಡಿಯ ಮಷಿನ್‌ನಲ್ಲಿ ಬೇಕಾದ ಛಾಯೆ ಬೆರೆಸಿಕೊಡುತ್ತಾರೆ. ಬಟ್ಟೆಯಲ್ಲಿ ಅಷ್ಟು ಆಯ್ಕೆ ಇರುವುದಿಲ್ಲ. ಅಕ್ಕ ಈ ಸಲ ಕರ್ಟನ್ ಬಟ್ಟೆಯ ತುಂಡನ್ನು ಪರ್ಸ್‌ನಲ್ಲಿ ಹಾಕಿಕೊಂಡೇ ಪೇಂಟ್ ಅಂಗಡಿಗೆ ಹೋಗಿದ್ದರು.